ಬೆಂಗಳೂರಿನ 22 ಸಾವಿರ, ಹೈದರಾಬಾದಿನ 18 ಸಾವಿರ: ಕೈಗೆ ಉಳಿಯೋದು ಎಷ್ಟು?

ನಮ್ಮ ಕಡೆ ಯಾರಿಗಾದರೂ ನೌಕರಿ ಸಿಕ್ಕರೆ ಮೊದಲು ಕೇಳುವುದು ಒಂದೇ ಮಾತು: ಪಗಾರ ಎಷ್ಟು? ಉದ್ಯೋಗ ಮೇಳದಲ್ಲಿ ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುವುದೂ ಅದನ್ನೇ. ನನ್ನ ತಕರಾರು ಇರುವುದು ಆ ಬೋರ್ಡಿನ ಮೇಲೆ. ಅದರ ಮೇಲಿನ ಅಂಕಿ ಒಂದು, ತಿಂಗಳ ಕೊನೆಗೆ ಮನೆಗೆ ಕಳಿಸುವ ರೊಕ್ಕ ಇನ್ನೊಂದು.

ಬಾಗಲವಾಡದ ಒಬ್ಬ ಹುಡುಗಿಗೆ ಈ ಸಲ ಎರಡು ಕಡೆ ಕೆಲಸ ಸಿಕ್ಕಿದೆ. ಬಿಕಾಂ ಮುಗಿಸಿದ್ದಾಳೆ, ಎರಡೂ ಕಡೆ ಲೆಕ್ಕಪತ್ರ ನೋಡುವ ಕೆಲಸ. ಬೆಂಗಳೂರಿನ ಪೀಣ್ಯದ ಕಂಪನಿ ತಿಂಗಳಿಗೆ 22,000 ಅಂದಿದೆ. ಹೈದರಾಬಾದಿನ ಬಾಲಾನಗರದ ಕಂಪನಿ 18,000 ಅಂದಿದೆ. ಮನೆಯಲ್ಲಿ ಎಲ್ಲರೂ ಬೆಂಗಳೂರು ಅಂತ ನಿರ್ಧಾರ ಮಾಡಿಯಾಗಿತ್ತು. ಆಕೆ ಮಾತ್ರ ಎರಡೂ ಪತ್ರಗಳನ್ನು ಹಿಡಿದುಕೊಂಡು ಬಂದು, "ಅಣ್ಣಾ, ಇದರಾಗ ಯಾವ್ದು ಛಲೋ ಐತಿ ನೋಡ್ರಿ" ಅಂದಳು.

ಪತ್ರ ಓದಿದರೆ ಮೊದಲ ಗುಟ್ಟು ಅಲ್ಲೇ ಇತ್ತು. ಬೆಂಗಳೂರಿನವರು ಬರೆದದ್ದು ಸಿಟಿಸಿ. ಅಂದರೆ ಆಕೆಯ ಸಲುವಾಗಿ ಕಂಪನಿ ಮಾಡುವ ಒಟ್ಟು ಖರ್ಚು. ಕಂಪನಿ ತನ್ನ ಪಾಲಿಗೆ ಕಟ್ಟುವ ಪಿಎಫ್, ಇಎಸ್ಐ, ಗ್ರಾಚ್ಯುಟಿಗೆ ತೆಗೆದಿಡುವುದು, ಎಲ್ಲವೂ ಆ 22,000ದ ಒಳಗೇ ಇದೆ. ಗ್ರಾಚ್ಯುಟಿಯಂತೂ ಕಾಯಂ ನೌಕರರಿಗೆ ಸಾಮಾನ್ಯವಾಗಿ ಐದು ವರ್ಷ ದುಡಿದ ಮೇಲೆ ಸಿಗುವ ರೊಕ್ಕ. ಇವೆಲ್ಲ ತೆಗೆದರೆ ಉಳಿಯುವ ಪಗಾರ 18,720. ಹೈದರಾಬಾದಿನವರು ಬರೆದ 18,000 ಗ್ರಾಸ್, ಅಂದರೆ ಕಂಪನಿಯ ಪಾಲು ಅದರ ಹೊರಗಿದೆ. ನಾಲ್ಕು ಸಾವಿರದ ಅಂತರ ಅಂದುಕೊಂಡದ್ದು ನಿಜವಾಗಿ 720 ರೂಪಾಯಿ!

ಇನ್ನು ಆಕೆಯ ಪಾಲಿನ ಕಡಿತ. ಎರಡೂ ಕಡೆ ಮೂಲ ವೇತನ 15,000 ಇದೆ. ಅದರ ಶೇ. 12 ಅಂದರೆ 1,800 ಪಿಎಫ್‌ಗೆ ಹೋಗುತ್ತದೆ. ಅದು ಆಕೆಯದೇ ರೊಕ್ಕ, ಕಳೆದು ಹೋಗುವುದಿಲ್ಲ, ಆದರೆ ಈ ತಿಂಗಳ ಬಾಡಿಗೆಗೆ ಬರುವುದಿಲ್ಲ. ಇಎಸ್ಐಗೆ ಪಗಾರದ ಶೇ. 0.75. ವೃತ್ತಿ ತೆರಿಗೆ ಕರ್ನಾಟಕದಲ್ಲಿ 25,000ಕ್ಕಿಂತ ಕಡಿಮೆ ಪಗಾರದವರಿಗೆ ಇಲ್ಲ, ತೆಲಂಗಾಣದಲ್ಲಿ ಈ ಪಗಾರಕ್ಕೆ ತಿಂಗಳಿಗೆ 150 ಇದೆ. ಹೀಗೆ ಬೆಂಗಳೂರಲ್ಲಿ ಕೈಗೆ ಬರುವುದು 16,779, ಹೈದರಾಬಾದಲ್ಲಿ 15,915.

ಆಮೇಲೆ ಇರುವುದಕ್ಕೆ ಜಾಗ. ಫೋನ್ ಹಚ್ಚಿ ಕೇಳಿದೆವು. ಯಶವಂತಪುರದ ಕಡೆ ಮೂವರು ಇರುವ ಕೋಣೆಯ ಪಿಜಿ, ಊಟ ಸೇರಿ 7,500. ಹೈದರಾಬಾದಿನ ಅಮೀರ್‌ಪೇಟೆಯಲ್ಲಿ ನಾಲ್ವರ ಕೋಣೆಯ ಹಾಸ್ಟೆಲ್, ಊಟ ಸೇರಿ 6,000. "ಊಟ ಸೇರಿ" ಅನ್ನುವುದನ್ನು ಬಿಡಿಸಿ ಕೇಳಬೇಕು. ಮಧ್ಯಾಹ್ನ ಡಬ್ಬಿ ಕಟ್ಟಿ ಕೊಡುತ್ತಾರಾ? ರವಿವಾರ ರಾತ್ರಿ ಅಡುಗೆ ಇದೆಯಾ? ಎರಡೂ ಕಡೆ ಡಬ್ಬಿ ಇದೆ, ಬೆಂಗಳೂರಲ್ಲಿ ರವಿವಾರ ರಾತ್ರಿ ಇಲ್ಲ. ಎರಡೂ ಕಡೆ ಅನ್ನವೇ ಜಾಸ್ತಿ. ನಮ್ಮ ಹುಡುಗರು ಹದಿನೈದು ದಿನದಲ್ಲಿ ಬೇಸತ್ತು ಹೊರಗೆ ತಿನ್ನಲು ಶುರು ಮಾಡುವುದು ಇದಕ್ಕೇ. ಊರಿಂದ ಕಟಕ ರೊಟ್ಟಿ, ಶೇಂಗಾ ಚಟ್ನಿ ಒಯ್ದವರಿಗೆ ಆ ಖರ್ಚು ಅರ್ಧ ಇಳಿಯುತ್ತದೆ. ಹೊರಗಿನ ಚಹಾ, ನಾಷ್ಟಾಕ್ಕೆ ಬೆಂಗಳೂರಲ್ಲಿ 1,400, ಹೈದರಾಬಾದಲ್ಲಿ 1,200 ಹಿಡಿದೆವು. ಫೋನ್, ಸಾಬೂನಿಗೆ ಎರಡೂ ಕಡೆ 1,000.

ಲೆಕ್ಕ ತಿರುಗಿದ್ದು ಬಸ್ಸಿನ ಹತ್ತಿರ. 2023ರ ಜೂನ್‌ನಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಫ್ರೀ ಬಸ್ ಇದೆ. ಬೆಂಗಳೂರಿನ ಬಿಎಂಟಿಸಿ ಸಾಮಾನ್ಯ ಬಸ್ಸಿಗೂ ಅದು ನಡೆಯುತ್ತದೆ, ಎಸಿ ಬಸ್ಸಿಗೆ ಇಲ್ಲ. ಬಸ್ ತಪ್ಪಿದ ದಿನ ಮೆಟ್ರೊ ಹತ್ತಲು 300 ಇಟ್ಟರೆ ಸಾಕು. ತೆಲಂಗಾಣದಲ್ಲೂ ಅದೇ ವರ್ಷ ಡಿಸೆಂಬರ್‌ನಲ್ಲಿ ಮಹಾಲಕ್ಷ್ಮಿ ಹೆಸರಲ್ಲಿ ಹೆಣ್ಣುಮಕ್ಕಳಿಗೆ ಫ್ರೀ ಬಸ್ ಬಂತು, ಆದರೆ ಅದು ತೆಲಂಗಾಣದ ವಿಳಾಸ ಇದ್ದವರಿಗೆ. ರಾಯಚೂರು ಜಿಲ್ಲೆಯ ಆಧಾರ್ ತೋರಿಸಿದರೆ ಕಂಡಕ್ಟರ್ ಟಿಕೆಟ್ ಹರಿಯುತ್ತಾನೆ. ವಿಳಾಸ ಬದಲಿಸಿದರೆ ಅಲ್ಲಿ ಫ್ರೀ, ಇಲ್ಲಿ ಇಲ್ಲ. ಹಾಗಾಗಿ ಅಲ್ಲಿ ತಿಂಗಳ ಪಾಸಿಗೆ 1,400 ಹಿಡಿಯಬೇಕಾಯಿತು.

ಊರಿಗೆ ಬಂದು ಹೋಗುವುದೂ ಹಾಗೇ. ಬೆಂಗಳೂರು ದೂರ, ಇಡೀ ರಾತ್ರಿಯ ದಾರಿ, ಆದರೆ ವೇಗದೂತ ಬಸ್ಸಿಗೆ ಟಿಕೆಟ್ ಇಲ್ಲ. ಸ್ಲೀಪರ್, ರಾಜಹಂಸಕ್ಕೆ ಮಾತ್ರ ರೊಕ್ಕ ಕೊಡಬೇಕು. ಎರಡು ತಿಂಗಳಿಗೊಮ್ಮೆ ಬಂದರೆ ಆಟೊ, ಚಹಾ ಸೇರಿ ತಿಂಗಳಿಗೆ 250ರ ಲೆಕ್ಕ ಬೀಳುತ್ತದೆ. ಹೈದರಾಬಾದ್ ಹತ್ತಿರ. ಆದರೆ ಅಂತರರಾಜ್ಯ ಬಸ್ಸಿಗೆ ಶಕ್ತಿ ಇಲ್ಲ. ತಿಂಗಳಿಗೊಮ್ಮೆ ಬಂದರೆ 700 ಬೇಕು.

ಎಲ್ಲ ಕಳೆದರೆ ಬೆಂಗಳೂರಲ್ಲಿ ಉಳಿಯುವುದು 6,329, ಹೈದರಾಬಾದಲ್ಲಿ 5,615. ಬೆಂಗಳೂರು 714 ರೂಪಾಯಿ ಮುಂದೆ.

ಇದೇ ಎರಡು ಪತ್ರ ಆಕೆಯ ತಮ್ಮನಿಗೆ ಬಂದಿದ್ದರೆ? ಕೋಣೆಯ ಬಾಡಿಗೆ ಅಷ್ಟೇ ಅಂತ ಇಟ್ಟುಕೊಳ್ಳಿ. ಬೆಂಗಳೂರಲ್ಲಿ ಬಸ್ ಪಾಸಿಗೆ 1,200, ಊರಿಗೆ ಬಂದು ಹೋಗುವ ಟಿಕೆಟ್ ತಿಂಗಳಿಗೆ 700ರಂತೆ, ಮೇಲೆ ಆ 250. ಮೆಟ್ರೊದ 300 ಬಿಟ್ಟರೂ ಅವನಿಗೆ ಉಳಿಯುವುದು 4,729. ಹೈದರಾಬಾದಲ್ಲಿ ಅಕ್ಕನಷ್ಟೇ, 5,615. ಅಕ್ಕನಿಗೆ ಬೆಂಗಳೂರು ಮೇಲು, ತಮ್ಮನಿಗೆ ಹೈದರಾಬಾದ್ ಮೇಲು. ಅದಕ್ಕೇ "ನನ್ನ ಗೆಳೆಯ ಅಲ್ಲಿದ್ದಾನೆ, ಛಲೋ ಉಳೀತದ" ಅನ್ನುವ ಮಾತನ್ನು ನಾನು ಅರ್ಧ ಮಾತ್ರ ನಂಬುತ್ತೇನೆ.

ಅಕ್ಕನ 714 ಕೂಡ ಗಟ್ಟಿಯಲ್ಲ. ಬೆಂಗಳೂರಿನ ಪಿಜಿಯವರು ಅಡ್ವಾನ್ಸ್ 10,000 ಕೇಳಿದ್ದಾರೆ, ಬಿಡುವಾಗ ಮೇಂಟೆನೆನ್ಸ್ ಅಂತ 3,000 ಹಿಡಿದುಕೊಳ್ಳುತ್ತಾರಂತೆ. ಅಡ್ವಾನ್ಸ್, ಮೊದಲ ತಿಂಗಳ ಬಾಡಿಗೆ, ಪಗಾರ ಬರುವ ತನಕದ ಖರ್ಚು ಸೇರಿ ಹೋಗುವಾಗಲೇ ಕೈಯಲ್ಲಿ 20,000 ಬೇಕು. ಹೈದರಾಬಾದಿನ ಹಾಸ್ಟೆಲ್‌ಗೆ ಅಡ್ವಾನ್ಸ್ 2,000, ಒಟ್ಟು 10,000ದಲ್ಲಿ ಮುಗಿಯುತ್ತದೆ. ಅವರ ಮನೆಯಲ್ಲಿ ಅಷ್ಟು ಇರುವುದು 10,000 ಮಾತ್ರ, ಅದೂ ಹತ್ತಿ ಮಾರಿದ್ದು. ಮಿಕ್ಕ 10,000 ಕೈಸಾಲ ತಂದರೆ ನಮ್ಮ ಕಡೆ ನೂರಕ್ಕೆ ಮೂರು ರೂಪಾಯಿ ಬಡ್ಡಿ, ತಿಂಗಳಿಗೆ 300. ಆ 3,000ವನ್ನು ವರ್ಷಕ್ಕೆ ಹಂಚಿದರೆ ತಿಂಗಳಿಗೆ 250. ಸಾಲ ತೀರುವ ತನಕ ಬೆಂಗಳೂರು ಮುಂದಿರುವುದು 164 ರೂಪಾಯಿ. ಅದಕ್ಕಾಗಿ ದಿನಕ್ಕೆ ಎರಡು ತಾಸು ಟ್ರಾಫಿಕ್ಕಿನಲ್ಲಿ ನಿಲ್ಲಬೇಕು, ತಿಂಗಳಿಗೊಮ್ಮೆ ಅವ್ವನ ಮುಖ ನೋಡುವುದು ಎರಡು ತಿಂಗಳಿಗೊಮ್ಮೆ ಆಗುತ್ತದೆ.

ಉದ್ಯೋಗ ಮೇಳ ನಡೆಸುವವರು ಬೋರ್ಡಿನ ಮೇಲೆ ಸಿಟಿಸಿ ಜೊತೆಗೆ "ಕೈಗೆ ಬರುವುದು ಇಷ್ಟು" ಅಂತ ಒಂದು ಸಾಲು ಕಡ್ಡಾಯ ಮಾಡಬೇಕು. ಕಂಪನಿಗೆ ಅದು ಎರಡು ನಿಮಿಷದ ಕೆಲಸ. ಅಲ್ಲಿಯ ತನಕ ನೀವೇ ಎಚ್‌ಆರ್‌ಗೆ ಫೋನ್ ಮಾಡಿ ಕೇಳಿ, "ಬ್ಯಾಂಕಿಗೆ ಎಷ್ಟು ಬೀಳತದ್ರಿ?" ಅಂತ. ಬಾಯಲ್ಲಿ ಹೇಳಿದರೆ ಸಾಲದು, ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ.

ಹುಡುಗಿ ಇನ್ನೂ ಯಾವುದಕ್ಕೂ ಹೂಂ ಅಂದಿಲ್ಲ. ಈ ರವಿವಾರ ಅಪ್ಪನ ಜೊತೆ ಬಾಲಾನಗರಕ್ಕೆ ಹೋಗಿ, ಆಫೀಸಿಗೆ ನಡೆದು ಹೋಗುವಷ್ಟು ಹತ್ತಿರ ಹಾಸ್ಟೆಲ್ ಇದೆಯಾ ನೋಡಿ ಬರುತ್ತಾಳೆ. ಬಾಡಿಗೆ ಐದು ನೂರು ಜಾಸ್ತಿ ಆದರೂ ಪಾಸಿನ 1,400 ಉಳಿಯುತ್ತದೆ. ಆಗ ಹೈದರಾಬಾದಿನ ಉಳಿಕೆ 6,515.