ಎಕರೆಗೆ ಎಷ್ಟು ಇದ್ದಿಲು? ಸುಣ್ಣದ ಲೆಕ್ಕವನ್ನೂ ಕೇಳಿ

"ಎಕರೆಗೆ ಹತ್ತು ಟನ್ ಬಯೋಚಾರ್ ಹಾಕಿ" ಅನ್ನೋ ಥರದ ಸಲಹೆ ನೀವೂ ಕೇಳಿರ್ತೀರಿ. ಯಾವ ಇದ್ದಿಲು, ಯಾವ ಮಣ್ಣು ಅಂತ ಕೇಳದೇ ಹೇಳುವ ಈ ಲೆಕ್ಕ ನನಗಂತೂ ಒಪ್ಪಿಗೆಯಿಲ್ಲ.

ನಮ್ಮ ಮಚ್ಛೆಯಿಂದ ಖಾನಾಪುರದ ಕಡೆ ಹೋದಷ್ಟೂ ಮಳೆ ಹೆಚ್ಚು. ಮಳೆ ಸುಣ್ಣದಂಶವನ್ನು ತೊಳೆದು ಮಣ್ಣನ್ನು ಹುಳಿ ಮಾಡುತ್ತೆ. ಅಲ್ಲಿ ಒಂದು ಎಕರೆ ಮರಳು ಮಣ್ಣು ಇದೆ ಅಂದುಕೊಳ್ಳಿ. ಮೇಲಿನ 15 ಸೆಂ.ಮೀ. ಮಣ್ಣಿನ ತೂಕ ಸುಮಾರು 900 ಟನ್. ಅದರ ಇಂಗಾಲವನ್ನು ಶೇ. 0.5ರಷ್ಟು ಏರಿಸಲು 4.5 ಟನ್ ಇಂಗಾಲ ಬೇಕು. ಭತ್ತದ ಹೊಟ್ಟಿನ ಇದ್ದಿಲಲ್ಲಿ ಬೂದಿ ಜಾಸ್ತಿ. ಇಂಗಾಲ ಶೇ. 45 ಅಂತ ಹಿಡಿದರೆ 10 ಟನ್ ಇದ್ದಿಲು ಬೇಕಾಯ್ತು.

ಇಲ್ಲಿಗೇ ನಿಲ್ಲಬೇಡಿ. ಇದ್ದಿಲಿನ ಬೂದಿ ಸುಣ್ಣದ ಕೆಲಸವನ್ನೂ ಮಾಡುತ್ತೆ. ಲ್ಯಾಬಿನವರು ಅದರ ಸುಣ್ಣದ ಬಲ ಶೇ. 5 ಅಂದರೆ, 10 ಟನ್ ಇದ್ದಿಲು 500 ಕೆಜಿ ಸುಣ್ಣಕ್ಕೆ ಸಮ. ಮಣ್ಣಿನ ಪಿಎಚ್ 6.5ಕ್ಕೆ ತರಲು 300 ಕೆಜಿ ಸಾಕು ಅಂತ ಮಣ್ಣು ಪರೀಕ್ಷೆ ಹೇಳಿದ್ದರೆ, 6 ಟನ್ನಿಗೇ ನಿಲ್ಲಿಸಬೇಕು. ಇಂಗಾಲ ಶೇ. 0.3 ಮಾತ್ರ ಏರುತ್ತೆ, ಅಷ್ಟೇ ಏರಲಿ.

ಯಾಕಂದ್ರೆ ಮರಳಿನಲ್ಲಿ ಜೇಡಿ ಕಡಿಮೆ, ಪಿಎಚ್ ಬೇಗ ಜಿಗಿಯುತ್ತೆ. ಆಗ ಕಬ್ಬಿಣ, ಸತು ಮಣ್ಣಲ್ಲಿದ್ದರೂ ಗಿಡಕ್ಕೆ ಸಿಗೋದಿಲ್ಲ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದೇ ಸುಳಿವು. ಒಮ್ಮೆ ಬೆರೆಸಿದ ಇದ್ದಿಲನ್ನು ವಾಪಸ್ ತೆಗೆಯೋಕಾಗಲ್ಲ.

ಇವೆಲ್ಲ ಒಣ ತೂಕದ ಲೆಕ್ಕ. ಇದ್ದಿಲಲ್ಲಿ ಶೇ. 30 ನೀರಿದ್ದರೆ, 6 ಟನ್ನಿಗೆ 8.6 ಟನ್ ತೂಗಬೇಕು.

ಎರಡು ಲೆಕ್ಕದಲ್ಲಿ ಸಣ್ಣದೇ ಗೆಲ್ಲಬೇಕು ಅನ್ನೋದು ನನ್ನ ವಾದ. ನೀವೇನಂತೀರಿ?