ಸಾಲ ಭಾವನದ್ದು, ಸಂಬಳ ಜಪ್ತಿ ತಮ್ಮನದ್ದು: ಜಾಮೀನು ಸಹಿಯ ಹೊಣೆ ಎಲ್ಲಿಯವರೆಗೆ?

ಮಂಜೇಶ್ವರ, ಉಪ್ಪಳ, ಕುಂಬಳೆ ಭಾಗದ ಮನೆಗಳಲ್ಲಿ ಬ್ಯಾಂಕ್ ಸಾಲಕ್ಕೆ ಜಾಮೀನು ನಿಲ್ಲುವುದು ಹೆಚ್ಚಾಗಿ ಕುಟುಂಬದವರೇ. ಅಂಗಡಿ ಹಾಕುವ ಭಾವನಿಗೆ ಹೆಂಡತಿಯ ತಮ್ಮ, ವೀಸಾಕ್ಕೆ ಹಣ ಹೊಂದಿಸುವ ಮಗನಿಗೆ ಚಿಕ್ಕಪ್ಪ, ಗಂಡನ ವಾಹನ ಸಾಲಕ್ಕೆ ಹೆಂಡತಿ. "ಒಂದು ಸಹಿ ಹಾಕಿದರೆ ಸಾಕು, ಕಟ್ಟುವುದು ಅವನೇ ಅಲ್ವಾ" ಎಂಬ ಮಾತಿನಲ್ಲಿ ವಿಷಯ ಮುಗಿಯುತ್ತದೆ. ಫಾರ್ಮು ಇರುವುದು ಇಂಗ್ಲಿಷಿನಲ್ಲೋ ಮಲಯಾಳದಲ್ಲೋ. ಕನ್ನಡ ಮಾಧ್ಯಮದಲ್ಲಿ ಕಲಿತವರು ಅದನ್ನು ಪೂರ್ತಿ ಓದುವುದು ಕಡಿಮೆ. ಹಾಗಾಗಿ ತಾನು ಹಾಕಿದ್ದು ಸಾಕ್ಷಿ ಸಹಿಯಂಥದ್ದು ಎಂದೇ ಹಲವರು ತಿಳಿದಿರುತ್ತಾರೆ. ಕೋರ್ಟಿನ ಸಮನ್ಸ್‌ನಲ್ಲಿ ಎರಡನೇ ಪ್ರತಿವಾದಿಯಾಗಿ ತಮ್ಮ ಹೆಸರು ಕಂಡಾಗಲೇ ನಿಜ ಗೊತ್ತಾಗುವುದು.

ಸಾಕ್ಷಿಗೂ ಜಾಮೀನುದಾರನಿಗೂ ಇರುವ ವ್ಯತ್ಯಾಸ ದೊಡ್ಡದು. ಸಾಕ್ಷಿ ಹೇಳುವುದು ಇಷ್ಟೇ: ಈ ವ್ಯಕ್ತಿ ನನ್ನ ಮುಂದೆ ಸಹಿ ಹಾಕಿದ್ದಾನೆ. ಜಾಮೀನುದಾರ ಹೇಳುವುದು: ಇವನು ಕೊಡದಿದ್ದರೆ ನಾನು ಕೊಡುತ್ತೇನೆ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ, ಪತ್ರದಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಅಸಲು, ಬಡ್ಡಿ, ಕೋರ್ಟ್ ಖರ್ಚು ಎಲ್ಲವೂ ಅದರಲ್ಲಿ ಸೇರುತ್ತದೆ. ತಾನು ಸಾಲದಿಂದ ಒಂದು ರೂಪಾಯಿಯನ್ನೂ ಮುಟ್ಟಿಲ್ಲ ಎಂಬುದು ಉತ್ತರವಾಗುವುದಿಲ್ಲ. ಸಾಲಗಾರನಿಗೆ ಹಣ ಸಿಕ್ಕಿದ್ದೇ ಜಾಮೀನು ಕರಾರಿಗೆ ಸಾಕಾದ ಪ್ರತಿಫಲ ಎಂದು ಅದೇ ಕಾಯ್ದೆಯ 127ನೇ ಸೆಕ್ಷನ್ ಹೇಳುತ್ತದೆ.

ಇದು ಹೇಗೆ ನಡೆಯುತ್ತದೆ ಎಂದು ಒಂದು ಉದಾಹರಣೆಯಲ್ಲಿ ನೋಡಬಹುದು. ಉಪ್ಪಳದ ಒಬ್ಬ ವ್ಯಾಪಾರಿ ಫ್ಯಾನ್ಸಿ ಅಂಗಡಿಗೆಂದು ಬ್ಯಾಂಕಿನಿಂದ 3 ಲಕ್ಷ ರೂಪಾಯಿ ಸಾಲ ತೆಗೆದಿದ್ದಾನೆ ಎಂದಿಟ್ಟುಕೊಳ್ಳೋಣ. ಜಾಮೀನು ಇಬ್ಬರದ್ದು. ಒಬ್ಬ ಅವನ ಹೆಂಡತಿಯ ತಮ್ಮ, ಕಾಸರಗೋಡು ಪೇಟೆಯ ಖಾಸಗಿ ಕಂಪೆನಿಯಲ್ಲಿ ತಿಂಗಳಿಗೆ 28,000 ರೂಪಾಯಿ ಸಂಬಳದ ನೌಕರ. ಇನ್ನೊಬ್ಬ ದುಬೈಯಲ್ಲಿರುವ ಗೆಳೆಯ. ಒಂದೂವರೆ ವರ್ಷ ಕಂತು ಕಟ್ಟಿದ ನಂತರ ವ್ಯಾಪಾರ ಬಿದ್ದುಹೋಯಿತು, ಕಂತು ನಿಂತಿತು. ಬ್ಯಾಂಕ್ ಮೂವರಿಗೂ ನೋಟಿಸ್ ಕಳಿಸಿ, ಕೊನೆಗೆ ಬಡ್ಡಿ ಸೇರಿ 2,40,000 ರೂಪಾಯಿಗೆ ಸಿವಿಲ್ ದಾವೆ ಹೂಡಿತು.

ಇಲ್ಲಿ ಮನೆಯಲ್ಲಿ ಬರುವ ಮೊದಲ ಮಾತು: "ಅವನ ಅಂಗಡಿ ಉಂಟು, ಜಾಗ ಉಂಟು. ಮೊದಲು ಅದನ್ನು ಹಿಡಿಯಲಿ, ಆಮೇಲೆ ನಮ್ಮ ಹತ್ತಿರ ಬರಲಿ." ಕೇಳಲು ನ್ಯಾಯವೇ. ಆದರೆ ಕಾನೂನು ಹಾಗಿಲ್ಲ. 1968ರಲ್ಲಿ ಬ್ಯಾಂಕ್ ಆಫ್ ಬಿಹಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು ಇದೇ ಪ್ರಶ್ನೆ. ಮೊದಲು ಸಾಲಗಾರನಿಂದ ವಸೂಲಿಗೆ ಎಲ್ಲ ಪ್ರಯತ್ನ ಮಾಡಿ, ನಂತರವೇ ಜಾಮೀನುದಾರನ ಬಳಿ ಹೋಗಬೇಕು ಎಂದು ಕೆಳಗಿನ ಕೋರ್ಟು ಡಿಕ್ರಿಯಲ್ಲಿ ಷರತ್ತು ಹಾಕಿತ್ತು. ಸುಪ್ರೀಂ ಕೋರ್ಟು ಆ ಷರತ್ತನ್ನು ತೆಗೆದುಹಾಕಿತು. ಸಾಲಗಾರನೇ ಕಷ್ಟದಲ್ಲಿರುವಾಗ ಕೂಡಲೇ ಸಿಗುವವನು ಬೇಕೆಂದೇ ಜಾಮೀನು ತೆಗೆದುಕೊಳ್ಳುವುದು, ಅವನನ್ನೇ ಕಾಯಿಸಿ ಎಂದರೆ ಜಾಮೀನಿಗೆ ಅರ್ಥವೇ ಇಲ್ಲ ಎಂಬುದು ಆ ತೀರ್ಪಿನ ಸಾರ. ಹಾಗಾಗಿ ಜಾಮೀನುದಾರ ಸಾಲಗಾರನ ಹಿಂದಿನ ಸಾಲಿನಲ್ಲಿಲ್ಲ, ಪಕ್ಕದಲ್ಲೇ ನಿಂತಿದ್ದಾನೆ. ಅಕ್ಕ ಭಾವನ ಸಂಬಂಧ ಮುರಿದು ತಲಾಕ್ ಆದರೂ ಆ ಸಹಿ ಅಲ್ಲೇ ಉಳಿಯುತ್ತದೆ.

ನಿಜವಾದ ನಷ್ಟ ಆಗುವುದು ಇದರ ಮುಂದಿನ ಹಂತದಲ್ಲಿ. ಸಮನ್ಸ್ ಮನೆಗೆ ಬಂದಾಗ ತಮ್ಮ ಕೆಲಸಕ್ಕೆ ಹೋಗಿರುತ್ತಾನೆ. ಮನೆಯಲ್ಲಿದ್ದ ಹಿರಿಯರು ಸಹಿ ಹಾಕಿ ತೆಗೆದುಕೊಂಡು ಕಪಾಟಿನಲ್ಲಿ ಇಡುತ್ತಾರೆ. "ಅದು ಭಾವನ ಕೇಸು, ಅವನೇ ನೋಡಿಕೊಳ್ಳುತ್ತಾನೆ" ಎಂದು ಸುಮ್ಮನಾಗುತ್ತಾರೆ. ಪ್ರತಿವಾದಿ ಮನೆಯಲ್ಲಿ ಸಿಗದಿದ್ದಾಗ ಜೊತೆಗೆ ವಾಸಿಸುವ ವಯಸ್ಕ ಸದಸ್ಯರಿಗೆ ಸಮನ್ಸ್ ಕೊಡಲು ಕಾನೂನಿನಲ್ಲಿ ಅವಕಾಶ ಇದೆ. ಆದ್ದರಿಂದ "ನನ್ನ ಕೈಗೆ ಸಿಗಲಿಲ್ಲ" ಎಂಬ ಮಾತು ಯಾವಾಗಲೂ ನಿಲ್ಲುವುದಿಲ್ಲ. ಸಮನ್ಸ್ ಜಾರಿಯಾದ 30 ದಿನದೊಳಗೆ ಲಿಖಿತ ಹೇಳಿಕೆ ಸಲ್ಲಿಸಬೇಕು. ಕಾರಣ ತೋರಿಸಿದರೆ ಕೋರ್ಟು ಅದನ್ನು 90 ದಿನದವರೆಗೆ ವಿಸ್ತರಿಸಬಹುದು. ಯಾರೂ ಹಾಜರಾಗದಿದ್ದರೆ ಏಕಪಕ್ಷೀಯ ಡಿಕ್ರಿ ಆಗುತ್ತದೆ. ಅದನ್ನು ರದ್ದು ಮಾಡಿಸಲು ಡಿಕ್ರಿಯ ದಿನದಿಂದ 30 ದಿನದೊಳಗೆ ಅರ್ಜಿ ಹಾಕಿ, ಹಾಜರಾಗದೆ ಇದ್ದುದಕ್ಕೆ ಸರಿಯಾದ ಕಾರಣ ತೋರಿಸಬೇಕು. ಸಮನ್ಸ್ ನಿಜವಾಗಿಯೂ ಸರಿಯಾಗಿ ಜಾರಿಯಾಗದಿದ್ದರೆ ಮಾತ್ರ ಆ 30 ದಿನ ಡಿಕ್ರಿಯ ವಿಷಯ ಗೊತ್ತಾದ ದಿನದಿಂದ ಲೆಕ್ಕ.

ಹೊಣೆ ಹೇಗೂ ಇದೆ ಎಂದ ಮೇಲೆ ಹಾಜರಾಗಿ ಏನು ಪ್ರಯೋಜನ ಎಂದು ಕೇಳಬಹುದು. ಪ್ರಯೋಜನ ಎರಡು ರೀತಿಯದ್ದು.

ಒಂದು, ಹೊಣೆ ಕಡಿಮೆಯಾಗುವ ಅಥವಾ ತಪ್ಪುವ ಸಂದರ್ಭಗಳಿವೆ, ಆದರೆ ಅದನ್ನು ಹೇಳದೆ ಕೋರ್ಟಿಗೆ ತಿಳಿಯುವುದಿಲ್ಲ. ಜಾಮೀನುದಾರನನ್ನು ಕೇಳದೆ ಬ್ಯಾಂಕೂ ಸಾಲಗಾರನೂ ಸೇರಿ ಸಾಲದ ಷರತ್ತು ಬದಲಿಸಿದರೆ, ನಂತರದ ವ್ಯವಹಾರಕ್ಕೆ ಅವನು ಹೊಣೆಯಲ್ಲ ಎನ್ನುತ್ತದೆ 133ನೇ ಸೆಕ್ಷನ್. ಸಾಲಕ್ಕೆ ಅಡವಿಟ್ಟ ವಸ್ತುವನ್ನು ಬ್ಯಾಂಕ್ ಅವನ ಒಪ್ಪಿಗೆ ಇಲ್ಲದೆ ಬಿಟ್ಟುಕೊಟ್ಟರೆ ಅಥವಾ ಕಳೆದುಕೊಂಡರೆ, ಅದರ ಬೆಲೆಯಷ್ಟು ಹೊಣೆ ಇಳಿಯುತ್ತದೆ ಎನ್ನುತ್ತದೆ 141ನೇ ಸೆಕ್ಷನ್. ಉದಾಹರಣೆಯ ಭಾವ 80,000 ರೂಪಾಯಿಯ ಚಿನ್ನವನ್ನೂ ಇದೇ ಸಾಲಕ್ಕೆ ಅಡವಿಟ್ಟಿದ್ದು, ಬ್ಯಾಂಕ್ ತಮ್ಮನಿಗೆ ತಿಳಿಸದೆ ಅದನ್ನು ಹಿಂದಿರುಗಿಸಿದ್ದರೆ, 2,40,000ದಲ್ಲಿ ಆ 80,000ಕ್ಕೆ ತಮ್ಮ ಆಕ್ಷೇಪ ಎತ್ತಬಹುದು. ಆದರೆ ಜಾಮೀನು ಪತ್ರದಲ್ಲಿ ಇಂಥ ಹಕ್ಕುಗಳನ್ನು ಮೊದಲೇ ಬಿಟ್ಟುಕೊಡುವ ಸಾಲುಗಳು ಅಚ್ಚಾಗಿರುವುದು ಮಾಮೂಲು. ಅದಕ್ಕಾಗಿ ಮೊದಲ ಕೆಲಸವೇ ಪತ್ರದ ನಕಲು ಮತ್ತು ಸಾಲದ ಖಾತೆಯ ಸ್ಟೇಟ್‌ಮೆಂಟ್ ತೆಗೆದು ವಕೀಲರಿಗೆ ತೋರಿಸುವುದು. ಬ್ಯಾಂಕ್ ಸಾಲಗಾರನ ಮೇಲೆ ಬೇಗ ದಾವೆ ಹಾಕಲಿಲ್ಲ, ಸುಮ್ಮನೆ ಕಾದಿತು ಎಂಬುದು ಮಾತ್ರ ರಕ್ಷಣೆಯಾಗುವುದಿಲ್ಲ.

ಎರಡು, ಕಂತಿನ ಅವಕಾಶ. ಡಿಕ್ರಿ ಕೊಡುವ ಸಮಯದಲ್ಲಿ ಸರಿಯಾದ ಕಾರಣ ಇದ್ದರೆ ಹಣವನ್ನು ಕಂತುಗಳಲ್ಲಿ ಕಟ್ಟಲು ಕೋರ್ಟು ತಾನೇ ಆದೇಶಿಸಬಹುದು. ಡಿಕ್ರಿ ಆದ ಮೇಲಾದರೆ ಅದಕ್ಕೆ ಬ್ಯಾಂಕಿನ ಒಪ್ಪಿಗೆ ಬೇಕು. ಲೋಕ ಅದಾಲತ್‌ನಲ್ಲಿ ಬಡ್ಡಿ ಇಳಿಸಿ ಇತ್ಯರ್ಥ ಮಾಡಿಕೊಳ್ಳುವ ಮಾತುಕತೆಗೂ ಹಾಜರಿದ್ದವನಿಗೇ ದಾರಿ. ವಕೀಲರ ಫೀಸಿಗೆ ಕಷ್ಟ ಇರುವವರು ತಾಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಬಹುದು. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವಿನ ಹಕ್ಕು ಇದೆ. ಗಂಡನ ಸಾಲಕ್ಕೆ ಜಾಮೀನು ನಿಂತ ಹೆಂಡತಿಗೆ ಇದು ಮುಖ್ಯ.

ಯಾರೂ ಹೋಗಲಿಲ್ಲ, ಡಿಕ್ರಿ ಆಯಿತು ಎಂದಿಟ್ಟುಕೊಳ್ಳಿ. ಬ್ಯಾಂಕ್ ಅಮಲ್ಜಾರಿ ಅರ್ಜಿ ಹಾಕುತ್ತದೆ. ಅಂಗಡಿ ಮುಚ್ಚಿದ ಭಾವನಿಗಿಂತ, ದುಬೈಯಲ್ಲಿರುವ ಗೆಳೆಯನಿಗಿಂತ, ತಿಂಗಳು ತಿಂಗಳು ಸಂಬಳ ಬರುವ ತಮ್ಮನೇ ಸುಲಭ. ಸಂಬಳ ಪೂರ್ತಿ ಹೋಗುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ಪ್ರಕಾರ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗವನ್ನು ಮುಟ್ಟುವಂತಿಲ್ಲ. 28,000ದಲ್ಲಿ 1,000 ಕಳೆದರೆ 27,000. ಅದರ ಮೂರನೇ ಒಂದು ಭಾಗ, ಅಂದರೆ 9,000 ರೂಪಾಯಿ ತಿಂಗಳಿಗೆ ಜಪ್ತಿಯಾಗಬಹುದು, ಕೈಗೆ ಬರುವುದು 19,000. ಒಂದೇ ಡಿಕ್ರಿಗೆ ಇದು ಒಟ್ಟು 24 ತಿಂಗಳು ಮಾತ್ರ ನಡೆಯಬಹುದು. ಅಷ್ಟರಲ್ಲಿ 2,16,000 ರೂಪಾಯಿ ಹೋಗಿರುತ್ತದೆ. ಉಳಿದದ್ದಕ್ಕೆ ಅವನ ಹೆಸರಿನಲ್ಲಿ ಜಾಗ ಇದ್ದರೆ ಬ್ಯಾಂಕ್ ಅದರ ಕಡೆ ನೋಡಬಹುದು.

ಜೈಲಿನ ಹೆದರಿಕೆ ಹಾಕುವವರೂ ಇದ್ದಾರೆ. ಸಾಲ ತೀರಿಸಲು ಗತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಸಿವಿಲ್ ಜೈಲಿಗೆ ಕಳಿಸುವಂತಿಲ್ಲ, ಕೊಡುವ ಶಕ್ತಿ ಇದ್ದೂ ದುರುದ್ದೇಶದಿಂದ ಕೊಡದಿರುವುದು ಕಾಣಬೇಕು ಎಂದು 1980ರಲ್ಲಿ ಕೇರಳದ್ದೇ ಒಂದು ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪು ಇದೆ. ಹಣದ ಡಿಕ್ರಿಗೆ ಮಹಿಳೆಯರನ್ನು ಬಂಧಿಸುವಂತೆಯೇ ಇಲ್ಲ. ಆದರೆ ಜಾಮೀನಿನ ಜೊತೆ ಸಹಿ ಹಾಕಿದ ಚೆಕ್ ಕೊಟ್ಟಿದ್ದರೆ ಕಥೆ ಬೇರೆ. ಜಾಮೀನುದಾರ ಕೊಟ್ಟ ಚೆಕ್ ಬೌನ್ಸ್ ಆದರೂ 138ನೇ ಸೆಕ್ಷನ್‌ನ ಕ್ರಿಮಿನಲ್ ಕೇಸು ನಡೆಯಬಹುದು ಎಂದು ಸುಪ್ರೀಂ ಕೋರ್ಟು 2002ರಲ್ಲಿ ಹೇಳಿದೆ.

ತಮ್ಮ ಹಣ ಕಟ್ಟಿದ ಮೇಲೆ ಅವನಿಗೆ ಉಳಿಯುವುದು ಏನು? ಇದು ಕುಟುಂಬಗಳಲ್ಲಿ ಯಾರೂ ಬಾಯಿ ಬಿಡದ ವಿಷಯ. ಕಟ್ಟಿದಷ್ಟನ್ನೂ ಸಾಲಗಾರನಿಂದ ವಾಪಸ್ ಪಡೆಯುವ ಹಕ್ಕು 145ನೇ ಸೆಕ್ಷನ್‌ನಲ್ಲಿ ಇದೆ. ಸಾಲ ಪೂರ್ತಿ ತೀರಿಸಿದರೆ ಭಾವ ಬ್ಯಾಂಕಿನಲ್ಲಿ ಇಟ್ಟ ಅಡವಿನ ಮೇಲೆ ಬ್ಯಾಂಕಿಗಿದ್ದ ಹಕ್ಕು ತಮ್ಮನಿಗೆ ಬರುತ್ತದೆ. ಭಾವ ಕೊಡದೆ ಹೋದರೆ, ದುಬೈಯ ಗೆಳೆಯನೂ ಜಾಮೀನುದಾರನೇ ಆದ್ದರಿಂದ, ಬೇರೆ ಕರಾರು ಇಲ್ಲದಿದ್ದರೆ ಇಬ್ಬರದ್ದೂ ಸಮಪಾಲು. 2,40,000 ಕಟ್ಟಿದ ತಮ್ಮ ಗೆಳೆಯನಿಂದ 1,20,000 ಕೇಳಬಹುದು. ಈ ಹಕ್ಕಿಗೆ ಅವಧಿ ಇದೆ: ಭಾವನ ಮೇಲಾದರೆ ಬ್ಯಾಂಕಿಗೆ ಕಟ್ಟಿದ ದಿನದಿಂದ 3 ವರ್ಷ, ಗೆಳೆಯನ ಮೇಲಾದರೆ ತನ್ನ ಪಾಲಿಗಿಂತ ಹೆಚ್ಚು ಕಟ್ಟಿದ ದಿನದಿಂದ 3 ವರ್ಷ. ಅಕ್ಕನ ಮನೆ ಎಂದು ಮುಲಾಜಿಗೆ ಸುಮ್ಮನಿದ್ದರೆ ಆ ದಿನಗಳು ಕಳೆದುಹೋಗುತ್ತವೆ.

ಆದ್ದರಿಂದ ಕಟ್ಟುವ ಹಣ ಭಾವನ ಕೈಗೆ ಹೋಗಬಾರದು. ತಮ್ಮನ ಸ್ವಂತ ಖಾತೆಯಿಂದ ನೇರ ಸಾಲದ ಖಾತೆಗೆ ಹೋಗಬೇಕು. ಜಾಮೀನುದಾರ ಕಟ್ಟಿದ್ದು ಎಂದು ಬರೆದ ರಶೀದಿ ಬೇಕು, ಸಾಲ ತೀರಿದ ದಿನ ಬ್ಯಾಂಕಿನ ಪತ್ರ ಬೇಕು. "ನಿನ್ನ ಇಷ್ಟು ಹಣ ನಾನು ಕೊಡಬೇಕು" ಎಂದು ಆ 3 ವರ್ಷದೊಳಗೆ ಭಾವ ತಾರೀಕು ಹಾಕಿ ಸಹಿ ಮಾಡಿದ ಒಂದು ಹಾಳೆ ಸಿಕ್ಕಿದರೆ, ಅವನ ಮೇಲಿನ ಅವಧಿ ಆ ದಿನದಿಂದ ಹೊಸದಾಗಿ ಶುರುವಾಗುತ್ತದೆ. ಕೋರ್ಟಿಗೆ ಹೋಗುವುದು ಬೇಡ, ಮನೆಯೊಳಗೆ ಮುಗಿಸುವ ಎನ್ನುವವರಿಗೂ ಆ ಹಾಳೆಯೇ ಆಧಾರ. ಬ್ಯಾಂಕಿಗೆ ಬೇಕಾದ ಸಹಿಯನ್ನು ಮುಲಾಜಿಲ್ಲದೆ ಕೇಳಿದ ಭಾವನ ಹತ್ತಿರ, ಈ ಒಂದು ಸಹಿ ಕೇಳಲು ತಮ್ಮನೂ ನಾಚಬೇಕಾಗಿಲ್ಲ.