ತಡವಾದ ಪ್ರಾಜೆಕ್ಟಿಗೆ ಹೊಸ ಆಳು: ಒಪ್ಪದವರಿಗೆ ಉತ್ತರ

ಗಡುವು ಮೀರುತ್ತಿರುವ ಸಾಫ್ಟ್‌ವೇರ್ ಪ್ರಾಜೆಕ್ಟಿಗೆ ಹೊಸಬರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು ಫ್ರೆಡರಿಕ್ ಬ್ರೂಕ್ಸ್ 1975ರಲ್ಲಿ ಬರೆದರು. ಐಬಿಎಂ ಕಂಪನಿಯ ಒಎಸ್/360 ಎಂಬ ದೊಡ್ಡ ಆಪರೇಟಿಂಗ್ ಸಿಸ್ಟಂ ಕಟ್ಟುವ ಕೆಲಸದ ಹೊಣೆ ಹೊತ್ತು, ಅದು ತಡವಾದದ್ದನ್ನು ಕಣ್ಣಾರೆ ಕಂಡವರು ಅವರು. ಅರ್ಧ ಶತಮಾನ ಕಳೆದರೂ ಈ ಮಾತನ್ನು ಒಪ್ಪದ ಮ್ಯಾನೇಜರುಗಳು ಬೇಕಾದಷ್ಟಿದ್ದಾರೆ.

ಅವರ ಮೊದಲ ವಾದ ಭಾಗಾಕಾರದ್ದು. ನಾಲ್ವರ ಟೀಮ್, ಉಳಿದ ಕೆಲಸ 120 ಆಳು-ದಿನ. ಅಂದರೆ 30 ದಿನ ಬೇಕು. ಗಡುವಿಗೆ ಉಳಿದಿರುವುದು 20 ದಿನ. ಆರು ಜನರಾದರೆ ಸರಿಹೋಯಿತಲ್ಲ, ಇಬ್ಬರನ್ನು ಸೇರಿಸಿ ಎನ್ನುತ್ತಾರೆ.

ಸೇರಿಸಿ ನೋಡೋಣ. ಹೊಸ ಇಬ್ಬರಿಗೆ ಕೋಡ್ ಪರಿಚಯಿಸಲು ಹಳಬರಲ್ಲಿ ಒಬ್ಬರನ್ನು ಬಿಡಬೇಕು. ಕಲಿಕೆಗೆ 20 ದಿನ ಹಿಡಿದರೆ ಕಲಿಸುವವರ, ಕಲಿಯುವವರ ಅಷ್ಟೂ ದಿನ ಅಲ್ಲಿಗೇ ಹೋಯಿತು. ನಾಲ್ವರಿಗೆ ಹಂಚಿದ್ದ ಕೆಲಸವನ್ನು ಆರು ಜನರಿಗೆ ಮರುಹಂಚಲು ಉಳಿದ ಮೂವರು ತಲಾ ನಾಲ್ಕು ದಿನ ಕೂರಬೇಕು. ಹಾಗಾಗಿ ಗಡುವಿನ ದಿನದ ಹೊತ್ತಿಗೆ ಮುಗಿದಿರುವುದು ಮೂವರ 16 ದಿನಗಳ ದುಡಿಮೆ, 48 ಆಳು-ದಿನ. ಉಳಿದದ್ದು 72. ಅಲ್ಲಿಂದ ಆರೂ ಜನ ಪೂರ್ತಿ ವೇಗದಲ್ಲಿ ದುಡಿದರೂ ಇನ್ನು 12 ದಿನ ಬೇಕು. ಒಟ್ಟು 32. ಯಾರನ್ನೂ ಸೇರಿಸದಿದ್ದರೆ 30ಕ್ಕೇ ಮುಗಿಯುತ್ತಿತ್ತು.

ಕಲಿಸುವುದಕ್ಕೆ ಅಷ್ಟು ದಿನ ಯಾಕೆ, ಅನುಭವಿಗಳನ್ನೇ ತರುತ್ತೇವೆ ಎಂಬುದು ಎರಡನೆಯ ವಾದ. ಅನುಭವಿಗೆ ಜಾವಾ ಗೊತ್ತಿರುತ್ತದೆ, ಡೇಟಾಬೇಸ್ ಗೊತ್ತಿರುತ್ತದೆ. ಆದರೆ ಈ ಪ್ರಾಜೆಕ್ಟಿನಲ್ಲಿ ಯಾವ ಭಾಗವನ್ನು ಮುಟ್ಟಿದರೆ ಇನ್ನಾವುದು ಕೆಡುತ್ತದೆ, ಗ್ರಾಹಕರು ಯಾವ ನಿಯಮವನ್ನು ಫೋನಿನಲ್ಲಷ್ಟೇ ಹೇಳಿದ್ದಾರೆ ಎಂಬುದು ಹಳಬರ ತಲೆಯಲ್ಲಿ ಮಾತ್ರ ಇರುತ್ತದೆ. ತಡವಾದ ಪ್ರಾಜೆಕ್ಟುಗಳಲ್ಲಿ ಇಂಥವನ್ನು ಬರೆದಿಡಲು ಯಾರಿಗೂ ಪುರುಸೊತ್ತು ಸಿಕ್ಕಿರುವುದಿಲ್ಲ. ಅನುಭವಿ ಬೇಗ ಕಲಿಯುತ್ತಾರೆ, ನಿಜ. ಕಲಿಸುವವರ ಸಮಯ ಮಾತ್ರ ಪೂರ್ತಿ ಉಳಿಯುವುದಿಲ್ಲ.

ಮೂರನೆಯದು ನಾನು ಹೆಚ್ಚು ಕೇಳಿರುವ ವಾದ: ಈಗ ಗ್ರೂಪ್ ಚಾಟ್ ಇದೆ, ದಿನಾ ಬೆಳಿಗ್ಗೆ ಮೀಟಿಂಗ್ ಇದೆ, ಮಾತುಕತೆಗೆ ಖರ್ಚೇ ಇಲ್ಲ. ಬಿಲ್ಲಿಂಗ್ ಕೆಲಸ ಮಾಡುತ್ತಿರುವ ಒಬ್ಬರು ಮೊತ್ತವನ್ನು ರೂಪಾಯಿಯ ಬದಲು ಪೈಸೆಯಲ್ಲಿ ಕಳಿಸಲು ನಿರ್ಧರಿಸುತ್ತಾರೆ ಎಂದುಕೊಳ್ಳಿ. ಗ್ರೂಪಿನಲ್ಲಿ ಹಾಕಿದ ಸಂದೇಶ ಕ್ಷಣದಲ್ಲಿ ಎಲ್ಲರನ್ನೂ ಮುಟ್ಟುತ್ತದೆ. ಆದರೆ ರಸೀದಿ ಮುದ್ರಿಸುವವರು, ತೆರಿಗೆ ಲೆಕ್ಕ ಹಾಕುವವರು, ಮರುಪಾವತಿ ನೋಡುವವರು ಒಬ್ಬೊಬ್ಬರೂ ಬದಲಾವಣೆ ತಮ್ಮ ಕೋಡಿನಲ್ಲಿ ಎಲ್ಲಿ ತಾಗುತ್ತದೆಂದು ಅವರೊಡನೆ ಕೂತು ತಿಳಿಯಬೇಕು. ತಮ್ಮ ಭಾಗವನ್ನೇ ಇನ್ನೂ ಅರಿಯದ ಹೊಸಬರು ಸಂದೇಶ ಓದಿ ‘ಸರಿ’ ಎಂದು ಸುಮ್ಮನಾಗಬಹುದು; 500 ರೂಪಾಯಿಯ ರಸೀದಿ 50,000 ಎಂದು ಬಂದಾಗಲೇ ತಪ್ಪು ಗೊತ್ತಾಗುವುದು. ನಾಲ್ವರ ನಡುವೆ ಇಂಥ ಜೋಡಿಗಳು 6. ಆರು ಜನರ ನಡುವೆ 15. ಹತ್ತು ಜನರಾದರೆ 45. ಜೋಡಿಯೊಂದಕ್ಕೆ ವಾರಕ್ಕೆ ಒಂದು ಗಂಟೆಯೆಂದರೂ, ನಾಲ್ವರಿದ್ದಾಗ ಪ್ರತಿಯೊಬ್ಬರ ಮೂರು ಗಂಟೆ ಮಾತಿಗೆ ಹೋಗುತ್ತಿದ್ದರೆ, ಆರು ಜನರಾದಾಗ ಐದು ಗಂಟೆ. ವಾರಕ್ಕೆ 40 ಗಂಟೆಯ ಕೆಲಸದಲ್ಲಿ ಹೆಚ್ಚಾದ ಈ ಎರಡು ಗಂಟೆ ಕಳೆದರೆ ಮೇಲಿನ 32 ದಿನ ಸುಮಾರು 33 ಆಗುತ್ತದೆ. ಚಾಟ್ ತಂತ್ರಾಂಶ ಸಂದೇಶ ಸಾಗುವ ಸಮಯವನ್ನು ಉಳಿಸಿದೆ. ಅದನ್ನು ಅರ್ಥಮಾಡಿಕೊಳ್ಳುವ ಸಮಯವನ್ನಲ್ಲ.

ಜನ ಹೆಚ್ಚಿದಷ್ಟೂ ಬೇಗ ಮುಗಿಯುವ ಕೆಲಸಗಳೂ ಇವೆಯಲ್ಲ ಎನ್ನುವವರು ಜನಗಣತಿಯನ್ನು ತೋರಿಸುತ್ತಾರೆ. ಇದನ್ನು ಒಪ್ಪುತ್ತೇನೆ. ಒಂದು ಬೀದಿಯ ಗಣತಿದಾರರು ಪಕ್ಕದ ಬೀದಿಯವರನ್ನು ಏನೂ ಕೇಳಬೇಕಿಲ್ಲ. ಸಾಫ್ಟ್‌ವೇರಿನಲ್ಲೂ ಅಂಥ ತುಣುಕುಗಳಿವೆ: ಹಲವು ಬಗೆಯ ಫೋನುಗಳಲ್ಲಿ ಆ್ಯಪ್ ಪರೀಕ್ಷಿಸುವುದು, ಬಳಕೆದಾರರ ಕೈಪಿಡಿ ಬರೆಯುವುದು. ಹೊಸಬರನ್ನು ಅಲ್ಲಿಗೆ ಹಾಕಿದರೆ ಲಾಭವಿದೆ. ಪ್ರಾಜೆಕ್ಟಿನ ಆರಂಭದಲ್ಲೇ ಸೇರಿಸಿದರೂ ಕಲಿಸಿದ ಖರ್ಚು ವಸೂಲಾಗಲು ತಿಂಗಳುಗಳಿರುತ್ತವೆ. ಬ್ರೂಕ್ಸ್ ಕೂಡ ತಮ್ಮ ನಿಯಮ ತೀರಾ ಸರಳಗೊಳಿಸಿದ್ದೆಂದೇ ಹೇಳಿದ್ದರು. ಆದರೆ ಕೊನೆಯ ವಾರಗಳಲ್ಲಿ ಉಳಿಯುವುದು ಬಹುಮಟ್ಟಿಗೆ ಒಂದರೊಳಗೊಂದು ಹೆಣೆದುಕೊಂಡ ಕೆಲಸ. ಮೇಲಿನವರು ಜನ ಕಳಿಸುವುದೂ ಆಗಲೇ.

ಮ್ಯಾನೇಜರುಗಳಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ಬಾರಿ ಇಬ್ಬರನ್ನು ಕೇಳುವ ಮೊದಲು, ಅವರಿಗೆ ಯಾರು ಕಲಿಸುತ್ತಾರೆ, ಎಷ್ಟು ದಿನ, ಮರುಹಂಚಿಕೆಗೆ ಎಷ್ಟು ದಿನ ಎಂದು ಹಾಳೆಯ ಮೇಲೆ ಬರೆದು, ಇವನ್ನೂ ಹೊಸಬರು ಕಲಿಯುವ ದಿನಗಳನ್ನೂ ಉಳಿದ ಆಳು-ದಿನಗಳಿಗೆ ಕೂಡಿಸಿ, ಒಟ್ಟು ಜನರಿಂದ ಭಾಗಿಸಿ. ಉತ್ತರ ನಿಮ್ಮ ಗಡುವಿನೊಳಗೆ ಬರದಿದ್ದರೆ ಗ್ರಾಹಕರ ಬಳಿ ಹೋಗಿ ಹೊಸ ದಿನಾಂಕ ಕೇಳಿ, ಇಲ್ಲವೇ ಒಂದೆರಡು ಫೀಚರ್ ಬಿಡಲು ಒಪ್ಪಿಸಿ. ಹಗಲಿರುಳು ದುಡಿಯುತ್ತಿರುವ ಆ ನಾಲ್ವರನ್ನು ಕೆಲಸ ಮಾಡಲು ಬಿಡಿ.